ಗುರಿ ಸರಿಯಿದ್ದರೂ ಗುಂಡು ತಪ್ಪುವುದೇಕೆ?
ಆನ್‌ಲೈನ್ ಶೂಟಿಂಗ್ ಆಟದ ಟಿಕ್ ರೇಟ್ ಮತ್ತು ಲ್ಯಾಗ್ ಲೆಕ್ಕ

ರಾತ್ರಿ ಒಂಬತ್ತೂವರೆ. ರಾಮನಗರದ ಐಜೂರಿನ ಒಂದು ಮನೆಯ ಮಹಡಿ ಕೋಣೆಯಲ್ಲಿ ಹುಡುಗನೊಬ್ಬ ಕೌಂಟರ್ ಸ್ಟ್ರೈಕ್ ಆಡುತ್ತ ಕೂತಿದ್ದಾನೆ ಎಂದಿಟ್ಟುಕೊಳ್ಳೋಣ. ಗೋಡೆಯ ಮೂಲೆಯಿಂದ ಎದುರಾಳಿ ಹೊರಬರುತ್ತಾನೆ. ಹುಡುಗನ ಗುರಿ ನೇರವಾಗಿ ಅವನ ತಲೆಯ ಮೇಲಿದೆ. ಮೌಸ್ ಒತ್ತುತ್ತಾನೆ, ಗುಂಡು ಹಾರಿದ ಸದ್ದು ಕೇಳುತ್ತದೆ, ಬಂದೂಕು ಅಲುಗುತ್ತದೆ. ಮರುಕ್ಷಣವೇ ಹುಡುಗ ಸತ್ತಿದ್ದಾನೆ. ಎದುರಾಳಿಗೆ ಆದ ಡ್ಯಾಮೇಜ್ ಸೊನ್ನೆ. “ಮಚಾ, ತಲೆಗೇ ಹೊಡ್ದೆ ಕಣೋ, ರಿಜಿಸ್ಟರ್ರೇ ಆಗ್ಲಿಲ್ಲ!” ಎಂಬ ಕೂಗು ಹೆಡ್‌ಫೋನ್ ದಾಟಿ ಕೆಳಗಿನ ಅಡುಗೆಮನೆಯವರೆಗೂ ಕೇಳುತ್ತದೆ.

ಹುಡುಗ ಸುಳ್ಳು ಹೇಳುತ್ತಿಲ್ಲ. ಅವನ ಪರದೆಯ ಮೇಲೆ ಗುರಿ ನಿಜವಾಗಿಯೂ ತಲೆಯ ಮೇಲಿತ್ತು. ಸರ್ವರ್ ಕೂಡ ಮೋಸ ಮಾಡಿಲ್ಲ. ಅವನು ನೋಡಿದ ಕ್ಷಣ ಬೇರೆ, ಎದುರಾಳಿ ನೋಡಿದ ಕ್ಷಣ ಬೇರೆ, ತೀರ್ಪು ಕೊಡುವ ಸರ್ವರ್‌ನ ಕ್ಷಣ ಇನ್ನೂ ಬೇರೆ. ಈ ಮೂರು ಗಡಿಯಾರಗಳ ನಡುವಿನ ಅಂತರ ಎಷ್ಟು, ಅದು ಎಲ್ಲಿ ಹುಟ್ಟುತ್ತದೆ ಎಂದು ತಿಳಿದರೆ, ತಪ್ಪಿದ ಗುಂಡುಗಳಲ್ಲಿ ನೆಟ್ಟಿನ ಪಾಲೆಷ್ಟು, ಕೈಯ ಪಾಲೆಷ್ಟು ಎಂದು ಬೇರ್ಪಡಿಸಬಹುದು.

ಬಂಡೆಯ ಪ್ರತಿಧ್ವನಿಯೂ ಪಿಂಗ್ ಸಂಖ್ಯೆಯೂ

ರಾಮದೇವರ ಬೆಟ್ಟದಂಥ ಕಡೆ ದೊಡ್ಡ ಬಂಡೆಯ ಎದುರು ನಿಂತು ಕೂಗಿದರೆ ಸ್ವಲ್ಪ ಹೊತ್ತಿನಲ್ಲಿ ಅದೇ ಕೂಗು ಮರಳಿ ಬರುತ್ತದೆ. ಬಂಡೆ 170 ಮೀಟರ್ ದೂರದಲ್ಲಿದ್ದರೆ ಪ್ರತಿಧ್ವನಿಗೆ ಸುಮಾರು ಒಂದು ಸೆಕೆಂಡ್ ಬೇಕು. ಅರ್ಧ ಸೆಕೆಂಡ್ ಹೋಗಲು, ಅರ್ಧ ಸೆಕೆಂಡ್ ಬರಲು. ಆಟದ ಮೂಲೆಯಲ್ಲಿ ಕಾಣುವ ಪಿಂಗ್ ಸಂಖ್ಯೆಯೂ ಇಂಥದ್ದೇ. ಮನೆಯ ಕಂಪ್ಯೂಟರಿನಿಂದ ಹೊರಟ ಮಾಹಿತಿ ಸರ್ವರ್ ಮುಟ್ಟಿ ಮರಳಲು ಹಿಡಿಯುವ ಒಟ್ಟು ಸಮಯ ಅದು. ಅಳತೆ ಮಿಲಿಸೆಕೆಂಡಿನಲ್ಲಿ, ಅಂದರೆ ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ.

ವ್ಯಾಲರಂಟ್‌ಗೆ ಮುಂಬೈಯಲ್ಲಿ ಸರ್ವರ್ ಇದೆ. ಕೌಂಟರ್ ಸ್ಟ್ರೈಕ್‌ಗೆ ಮುಂಬೈ, ಚೆನ್ನೈ ಎರಡೂ ಕಡೆ ಇವೆ. ರಾಮನಗರದಿಂದ ಮುಂಬೈ ನೇರ ಗೆರೆಯಲ್ಲಿ ಸುಮಾರು 850 ಕಿಲೋಮೀಟರ್, ಚೆನ್ನೈ ಸುಮಾರು 325. ಗಾಜಿನ ಎಳೆಯೊಳಗೆ ಬೆಳಕು ಒಂದು ಮಿಲಿಸೆಕೆಂಡಿಗೆ ಹತ್ತಿರಹತ್ತಿರ 200 ಕಿಲೋಮೀಟರ್ ಸಾಗುತ್ತದೆ. ಹಾಗಾಗಿ ಮುಂಬೈಗೆ ಹೋಗಿ ಬರಲು ಬೆಳಕಿಗೇ 8 ಮಿಲಿಸೆಕೆಂಡಿಗಿಂತ ಹೆಚ್ಚು ಬೇಕು. ಯಾವ ಪ್ಲಾನ್ ಹಾಕಿಸಿದರೂ ಅದಕ್ಕಿಂತ ಕೆಳಗೆ ಇಳಿಯದು. ಮೇಲಿನದೆಲ್ಲ ಕೇಬಲ್ಲಿನ ಸುತ್ತುದಾರಿ, ನಡುವಿನ ಉಪಕರಣಗಳ ತಡ, ಮನೆಯ ವೈಫೈಯ ತಡ.

ಇಲ್ಲೊಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳಬೇಕು. 100 ಎಂಬಿಪಿಎಸ್ ಪ್ಲಾನನ್ನು 300ಕ್ಕೆ ಏರಿಸಿದರೆ ಪಿಂಗ್ ಇಳಿಯುವುದಿಲ್ಲ. ಎಂಬಿಪಿಎಸ್ ರಸ್ತೆಯ ಅಗಲ, ಪಿಂಗ್ ಪ್ರಯಾಣದ ಹೊತ್ತು. ಮೈಸೂರು ಹೆದ್ದಾರಿಗೆ ಇನ್ನೆರಡು ಲೇನ್ ಸೇರಿಸಿದರೆ ಹೆಚ್ಚು ವಾಹನ ಹೋಗಬಹುದು, ಖಾಲಿ ರಸ್ತೆಯಲ್ಲಿ ಓಡುವ ಒಂದು ಕಾರು ಮಾತ್ರ ಅದರಿಂದ ಬೇಗ ಚನ್ನಪಟ್ಟಣ ತಲುಪುವುದಿಲ್ಲ.

ಟಿಕ್ ಅಂದರೆ ಅಂಚೆ ಡಬ್ಬಿ ತೆರೆಯುವ ಹೊತ್ತು

ಸರ್ವರ್ ಆಟವನ್ನು ಎಡೆಬಿಡದೆ ನೋಡುತ್ತಿರುವುದಿಲ್ಲ. ಅಂಚೆ ಡಬ್ಬಿಯನ್ನು ಗೊತ್ತಾದ ಹೊತ್ತಿಗೆ ತೆರೆದು ಬಿದ್ದ ಕಾಗದಗಳನ್ನೆಲ್ಲ ಒಟ್ಟಿಗೆ ಎತ್ತಿಕೊಳ್ಳುವಂತೆ, ಅದು ಗೊತ್ತಾದ ಅಂತರದಲ್ಲಿ ಎಲ್ಲ ಆಟಗಾರರ ಚಲನೆ, ಗುಂಡು, ನೆಗೆತಗಳನ್ನು ಎತ್ತಿಕೊಂಡು ಲೆಕ್ಕ ಹಾಕಿ, ಹೊಸ ಸ್ಥಿತಿಯನ್ನು ಎಲ್ಲರಿಗೂ ಕಳಿಸುತ್ತದೆ. ಅಂಥ ಒಂದು ಸುತ್ತಿಗೆ ಟಿಕ್ ಎಂದು ಹೆಸರು. ಸೆಕೆಂಡಿಗೆ ಎಷ್ಟು ಸುತ್ತು ಎಂಬುದೇ ಟಿಕ್ ರೇಟ್. 64 ಟಿಕ್ ಆದರೆ ಡಬ್ಬಿ ತೆರೆಯುವುದು 15.6 ಮಿಲಿಸೆಕೆಂಡಿಗೊಮ್ಮೆ, 128 ಆದರೆ 7.8ಕ್ಕೊಮ್ಮೆ. ತೆರೆದು ಮುಚ್ಚಿದ ಮರುಕ್ಷಣ ಬಿದ್ದ ಕಾಗದ ಮುಂದಿನ ಸುತ್ತಿಗೆ ಕಾಯಬೇಕು.

2020ರಲ್ಲಿ ಬಂದ ವ್ಯಾಲರಂಟ್ ಮೊದಲ ದಿನದಿಂದಲೂ 128 ಟಿಕ್. ಏಪೆಕ್ಸ್ ಲೆಜೆಂಡ್ಸ್‌ನ ಸರ್ವರ್‌ಗಳು 20ರಲ್ಲಿ ಓಡುತ್ತವೆ. ಎಲ್ಲರೂ 128 ಏಕೆ ಇಡುವುದಿಲ್ಲ ಎಂಬ ಪ್ರಶ್ನೆಗೆ ವ್ಯಾಲರಂಟ್ ಕಟ್ಟಿದ ರಯಟ್ ಗೇಮ್ಸ್‌ನ ಎಂಜಿನಿಯರುಗಳು ಬರೆದಿಟ್ಟ ಲೆಕ್ಕದಲ್ಲಿ ಉತ್ತರವಿದೆ. ಒಂದು ಪ್ರೊಸೆಸರ್ ಕೋರ್ ಮೇಲೆ ಮೂರಕ್ಕಿಂತ ಹೆಚ್ಚು ಆಟ ಓಡಿಸಬೇಕಾಗಿದ್ದರಿಂದ, ಒಂದು ಆಟದ ಒಂದು ಟಿಕ್ಕಿಗೆ ಅವರಿಗೆ ಸಿಗುತ್ತಿದ್ದದ್ದು 2.34 ಮಿಲಿಸೆಕೆಂಡ್ ಮಾತ್ರ. ಆರಂಭದ ದಿನಗಳಲ್ಲಿ ಅದೇ ಕೆಲಸಕ್ಕೆ 50 ಮಿಲಿಸೆಕೆಂಡ್ ಹಿಡಿಯುತ್ತಿತ್ತು. ಟಿಕ್ ಏರಿಸುವುದು ಒಂದು ಸಂಖ್ಯೆ ಬದಲಿಸಿದಷ್ಟು ಸುಲಭವಲ್ಲ.

ವಾಲ್ವ್ ಸಂಸ್ಥೆ ಬೇರೆ ದಾರಿ ಹಿಡಿಯಿತು. 2023ರ ಸೆಪ್ಟೆಂಬರಿನಲ್ಲಿ ಬಿಡುಗಡೆಯಾದ ಕೌಂಟರ್ ಸ್ಟ್ರೈಕ್ 2ರಲ್ಲಿ ಟಿಕ್ 64 ಆಗಿಯೇ ಉಳಿಯಿತು. ಆದರೆ ಮೌಸ್ ಒತ್ತಿದ ನಿಖರ ಸಮಯವನ್ನು ಕಾಗದದ ಮೇಲೆ ಬರೆದು ಕಳಿಸುವ ವ್ಯವಸ್ಥೆ ಸೇರಿತು. ಇದನ್ನು ಸಬ್-ಟಿಕ್ ಎನ್ನುತ್ತಾರೆ. ಡಬ್ಬಿ ತೆರೆಯುವುದು ಹಿಂದಿನ ಹೊತ್ತಿಗೇ, ಕಾಗದ ಬಿದ್ದದ್ದು ಎಷ್ಟು ಹೊತ್ತಿಗೆ ಎಂಬುದು ಮಾತ್ರ ಈಗ ಗೊತ್ತಾಗುತ್ತದೆ. ಗುಂಡಿನ ಲೆಕ್ಕ ಇದರಿಂದ ನಿಖರವಾಯಿತು. ಕಾಗದ ಮುಂಬೈ ತಲುಪಲು ಬೇಕಾದ ಹೊತ್ತು ಕಡಿಮೆಯಾಗಲಿಲ್ಲ.

ಥರ್ಡ್ ಅಂಪೈರ್ ಮಾಡುವ ಕೆಲಸ

1996ರ ಕ್ವೇಕ್‌ವರ್ಲ್ಡ್ ಕಾಲದಲ್ಲಿ ಆಟಗಾರರು ಎದುರಾಳಿಯ ಮೇಲೆ ಗುರಿಯಿಡುತ್ತಿರಲಿಲ್ಲ, ಅವನಿಗಿಂತ ಸ್ವಲ್ಪ ಮುಂದಕ್ಕೆ ಇಡುತ್ತಿದ್ದರು. ತಮ್ಮ ಗುಂಡು ಸರ್ವರ್ ಮುಟ್ಟುವ ಹೊತ್ತಿಗೆ ಅವನು ಎಲ್ಲಿರುತ್ತಾನೆ ಎಂದು ಊಹಿಸಬೇಕಿತ್ತು. ಪಿಂಗ್ ಹೆಚ್ಚಿದಷ್ಟೂ ಮುಂದಕ್ಕೆ ಹೊಡೆಯಬೇಕಿತ್ತು.

ಈ ಕಷ್ಟ ತಪ್ಪಿಸುವ ವಿಧಾನವನ್ನು ವಾಲ್ವ್‌ನ ಯಾನ್ ಬರ್ನಿಯರ್ 2001ರ ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ವಿವರಿಸಿದರು. ಅದೇ ಲ್ಯಾಗ್ ಕಾಂಪೆನ್ಸೇಶನ್. ರನ್‌ಔಟ್ ಮನವಿ ಬಂದಾಗ ಥರ್ಡ್ ಅಂಪೈರ್ ದೃಶ್ಯವನ್ನು ಹಿಂದಕ್ಕೆ ಓಡಿಸಿ, ಬೇಲ್ಸ್ ಹಾರಿದ ಕ್ಷಣದಲ್ಲಿ ಬ್ಯಾಟ್ ಎಲ್ಲಿತ್ತು ಎಂದು ನೋಡುತ್ತಾರಲ್ಲ, ಸರ್ವರ್ ಮಾಡುವುದೂ ಅದನ್ನೇ. ಪ್ರತಿ ಆಟಗಾರ ಇತ್ತೀಚಿನ ಕ್ಷಣಗಳಲ್ಲಿ ಎಲ್ಲೆಲ್ಲಿದ್ದ ಎಂಬ ದಾಖಲೆಯನ್ನು ಅದು ಇಟ್ಟುಕೊಂಡಿರುತ್ತದೆ. ವಾಲ್ವ್‌ನ ಸೋರ್ಸ್ ಎಂಜಿನ್‌ನಲ್ಲಿ ಈ ದಾಖಲೆ ಒಂದು ಸೆಕೆಂಡಿನದು. ಗುಂಡಿನ ಸುದ್ದಿ ಬಂದಾಗ ಉಳಿದವರನ್ನೆಲ್ಲ ಹಳೆಯ ಜಾಗಗಳಿಗೆ ಸರಿಸಿ, ಹೊಡೆದವನ ಪರದೆಯಲ್ಲಿ ಆ ಕ್ಷಣ ಕಂಡ ದೃಶ್ಯವನ್ನು ಮತ್ತೆ ಕಟ್ಟಿ, ಗುಂಡು ತಾಗಿತೇ ಎಂದು ಪರೀಕ್ಷಿಸುತ್ತದೆ.

ಎಷ್ಟು ಹಿಂದಕ್ಕೆ ಹೋಗಬೇಕು? ಎರಡು ಸಂಖ್ಯೆ ಕೂಡಿಸಿದಷ್ಟು. ಒಂದು, ದೃಶ್ಯ ಸರ್ವರ್‌ನಿಂದ ಆಟಗಾರನಿಗೆ ಬರುವ, ಗುಂಡಿನ ಸುದ್ದಿ ಮರಳಿ ಸರ್ವರ್‌ಗೆ ಹೋಗುವ ಎರಡೂ ದಿಕ್ಕಿನ ಪ್ರಯಾಣ, ಅಂದರೆ ಪೂರ್ತಿ ಪಿಂಗ್. ಇನ್ನೊಂದು ಇಂಟರ್ಪೊಲೇಶನ್. ಟಿಕ್‌ಗಳ ನಡುವಿನ ಚಲನೆ ಜಗ್ಗದೆ ನಯವಾಗಿ ಕಾಣಲೆಂದು ಕಂಪ್ಯೂಟರ್ ಎದುರಾಳಿಗಳನ್ನು ಬೇಕೆಂದೇ ಸ್ವಲ್ಪ ತಡವಾಗಿ ತೋರಿಸುತ್ತದೆ. 64 ಟಿಕ್‌ನ ಹಳೆಯ ಸಿಎಸ್:ಗೋದಲ್ಲಿ ಈ ತಡ ಸಾಮಾನ್ಯವಾಗಿ ಎರಡು ಟಿಕ್, ಅಂದರೆ 31 ಮಿಲಿಸೆಕೆಂಡ್. ಪಿಂಗ್ 40 ಇರುವ ಹುಡುಗನ ಗುಂಡಿಗೆ ಸರ್ವರ್ 40ಕ್ಕೆ 31 ಸೇರಿಸಿ 71 ಮಿಲಿಸೆಕೆಂಡ್ ಹಿಂದೆ ಹೋಗಿ ನೋಡುತ್ತದೆ. ಆದ್ದರಿಂದ ಇಂಥ ಆಟಗಳಲ್ಲಿ ಗುರಿಯನ್ನು ಎದುರಾಳಿಯ ಮೇಲೆಯೇ ಇಡಬೇಕು, ಲ್ಯಾಗ್ ಲೆಕ್ಕ ಹಾಕಿ ಮುಂದಕ್ಕಿಟ್ಟವನ ಗುಂಡೇ ತಪ್ಪುತ್ತದೆ.

ಬಿಜಿಎಂಐ ಆಡುವವರು ಇಲ್ಲಿ ಎಚ್ಚರ ವಹಿಸಬೇಕು. ಅಲ್ಲಿ ಗುಂಡಿಗೇ ಪ್ರಯಾಣದ ಸಮಯವಿದೆ. ಗುಂಡು ಸೆಕೆಂಡಿಗೆ 700 ಮೀಟರ್ ಹೋಗುತ್ತದೆ ಎಂದುಕೊಂಡರೆ 200 ಮೀಟರ್ ದಾಟಲು ಸುಮಾರು 0.29 ಸೆಕೆಂಡ್ ಬೇಕು. ಸೆಕೆಂಡಿಗೆ 6 ಮೀಟರ್ ಓಡುವವನು ಅಷ್ಟರಲ್ಲಿ ಸುಮಾರು 1.7 ಮೀಟರ್ ಮುಂದೆ ಹೋಗಿರುತ್ತಾನೆ. ದೂರದ ಓಟಗಾರನಿಗೆ ಮುಂದಕ್ಕೆ ಹೊಡೆಯಬೇಕಾದದ್ದು ಆ ಕಾರಣಕ್ಕೆ. ಅದು ಆಟದ ನಿಯಮ, ನೆಟ್ಟಿನ ದೋಷವಲ್ಲ.

ಆ ಒಂದು ಗುಂಡಿನ ಕಥೆ

ಈಗ ಐಜೂರಿನ ಹುಡುಗನ ಗುಂಡಿಗೆ ಮರಳೋಣ. ಸರ್ವರ್ ಮುಂಬೈಯಲ್ಲಿದೆ, 64 ಟಿಕ್, ಇಂಟರ್ಪೊಲೇಶನ್ 31. ಹುಡುಗನ ಪಿಂಗ್ 40. ದೂರದ ಊರಿನ ಎದುರಾಳಿಯದು 80.

ಎದುರಾಳಿ ಓಡುತ್ತ ಮೂಲೆಯಿಂದ ಹೊರಬಂದ ಕ್ಷಣವನ್ನು ಸೊನ್ನೆ ಎನ್ನೋಣ. ತನ್ನ ಚಲನೆಯನ್ನು ತನ್ನ ಕಂಪ್ಯೂಟರ್ ತಕ್ಷಣ ತೋರಿಸುವುದರಿಂದ, ಮೂಲೆಯಲ್ಲಿ ಅಲುಗದೆ ಕಾದು ನಿಂತ ಹುಡುಗ ಅವನಿಗೆ ಆಗಲೇ ಕಾಣುತ್ತಾನೆ. ಅವನು ಹೊರಬಂದ ಸುದ್ದಿ ಸರ್ವರ್ ತಲುಪುವುದು 40ನೇ ಮಿಲಿಸೆಕೆಂಡಿಗೆ. ಟಿಕ್‌ಗಾಗಿ ಸರಾಸರಿ 8 ಕಾಯಬೇಕು, 48. ಅಲ್ಲಿಂದ ರಾಮನಗರಕ್ಕೆ 20, ಒಟ್ಟು 68. ಅದರ ಮೇಲೆ ಇಂಟರ್ಪೊಲೇಶನ್‌ನ 31. ಹುಡುಗನ ಪರದೆಯಲ್ಲಿ ಎದುರಾಳಿಯ ಭುಜ ಕಾಣುವುದು 99ನೇ ಮಿಲಿಸೆಕೆಂಡಿಗೆ.

ಹತ್ತಿರಹತ್ತಿರ ಸೆಕೆಂಡಿನ ಹತ್ತನೇ ಒಂದು ಭಾಗ ಎದುರಾಳಿಗೆ ಹುಡುಗ ಕಾಣುತ್ತಿದ್ದಾನೆ, ಹುಡುಗನಿಗೆ ಎದುರಾಳಿ ಇನ್ನೂ ಕಂಡಿಲ್ಲ. ಎಕೆ-47 ಹಿಡಿದು ಓಡುವವನ ವೇಗ ಈ ಆಟದಲ್ಲಿ ಸೆಕೆಂಡಿಗೆ 215 ಯೂನಿಟ್, ಆಟಗಾರನ ಮೈಯಗಲ 32 ಯೂನಿಟ್. ಹತ್ತನೇ ಒಂದು ಸೆಕೆಂಡಿನಲ್ಲಿ ಅವನು ತನ್ನ ಮೈಯಗಲದ ಮೂರರಲ್ಲಿ ಎರಡು ಭಾಗ ಸರಿದಿರುತ್ತಾನೆ. ಹೊರಬಂದು ಆಡುವವನಿಗೆ ಸಿಗುವ ಈ ಲಾಭವನ್ನೇ ಆಟಗಾರರು ಪೀಕರ್ಸ್ ಅಡ್ವಾಂಟೇಜ್ ಎನ್ನುವುದು.

ಎದುರಾಳಿ ನೋಡಿದ 200 ಮಿಲಿಸೆಕೆಂಡಿಗೆ ಗುಂಡು ಹಾರಿಸಿದ. ಅದು ಸರ್ವರ್ ತಲುಪಿ ಟಿಕ್‌ನಲ್ಲಿ ಲೆಕ್ಕವಾದದ್ದು 248ಕ್ಕೆ. ಸರ್ವರ್‌ನಲ್ಲಿ ಹುಡುಗ ಆಗಲೇ ಸತ್ತ. ಆ ಸುದ್ದಿ ರಾಮನಗರ ಮುಟ್ಟುವುದು 268ಕ್ಕೆ. ಹುಡುಗನ ಕೈ ಇನ್ನೂ ಚುರುಕು. ಎದುರಾಳಿ ಕಂಡ 160 ಮಿಲಿಸೆಕೆಂಡಿಗೇ, ಅಂದರೆ 259ಕ್ಕೆ ಅವನು ಮೌಸ್ ಒತ್ತಿದ. ಅವನ ಪರದೆಯಲ್ಲಿ ಅವನಿನ್ನೂ ಬದುಕಿದ್ದಾನೆ, ಬಂದೂಕು ಸಿಡಿಯಿತು. 9 ಮಿಲಿಸೆಕೆಂಡ್ ಕಳೆದ ಮೇಲೆ ಸಾವಿನ ಸುದ್ದಿ ಬಂತು. ಅವನ ಗುಂಡು ಸರ್ವರ್ ತಲುಪಿದ್ದು 279ಕ್ಕೆ. ಸತ್ತು 31 ಮಿಲಿಸೆಕೆಂಡ್ ಆದವನ ಗುಂಡನ್ನು ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

ಎದುರಾಳಿಗಿಂತ 40 ಮಿಲಿಸೆಕೆಂಡ್ ವೇಗವಾಗಿ ಒತ್ತಿಯೂ ಹುಡುಗ ಸೋತ. “ರಿಜಿಸ್ಟರ್ ಆಗ್ಲಿಲ್ಲ” ಎಂಬ ದೂರಿನ ಹಿಂದೆ ಹಲವು ಬಾರಿ ಇರುವುದು ಇದೇ ಸಂಗತಿ. ಇದಕ್ಕೊಂದು ಅಳತೆಯೂ ಇದೆ. ಸರ್ವರ್‌ನಲ್ಲಿ ಸಾವು ದಾಖಲಾಗುವುದಕ್ಕೆ 20 ಮಿಲಿಸೆಕೆಂಡ್ ಮೊದಲಿನಿಂದ 20 ಮಿಲಿಸೆಕೆಂಡ್ ನಂತರದವರೆಗೆ ಹಾರಿಸಿದ ಪ್ರತಿ ಗುಂಡೂ ಪರದೆಯಲ್ಲಿ ಕಾಣುತ್ತದೆ, ಆದರೆ ಸರ್ವರ್‌ಗೆ ತಡವಾಗಿ ಬರುತ್ತದೆ. ಈ ವ್ಯರ್ಥ ಗುಂಡುಗಳ ಕಿಟಕಿ ಹುಡುಗನ ಪಿಂಗ್‌ನಷ್ಟೇ ಅಗಲ, 40 ಮಿಲಿಸೆಕೆಂಡ್. ಪಿಂಗ್ 90 ಇದ್ದವನಿಗೆ 90.

ಗೋಡೆಯ ಹಿಂದೆ ಅಡಗಿದ ಮೇಲೂ ಸಾಯುವುದು ಇದೇ ಲೆಕ್ಕದ ಇನ್ನೊಂದು ಮುಖ. ಎದುರಾಳಿಯ ಪರದೆಯಲ್ಲಿ ಹುಡುಗ ಇನ್ನೂ ಬಯಲಲ್ಲೇ ಇದ್ದ, ಸರ್ವರ್ ಹಿಂದಕ್ಕೆ ಹೋಗಿ ನೋಡಿ ಒಪ್ಪಿಕೊಂಡಿತು. ಈ ಅನ್ಯಾಯ ತಪ್ಪದು ಎಂದು ಬರ್ನಿಯರ್ 2001ರಲ್ಲೇ ಹೇಳಿದ್ದರು. ಹೊಡೆದವನ ಕಣ್ಣನ್ನು ನಂಬಬೇಕೇ, ಅಡಗಿದವನ ಕಣ್ಣನ್ನು ನಂಬಬೇಕೇ ಎಂಬ ಆಯ್ಕೆಯಲ್ಲಿ ಆಟ ಕಟ್ಟುವವರು ಹೆಚ್ಚಾಗಿ ಹೊಡೆದವನ ಪರ ನಿಂತರು.

ಇದೇ ಪಂದ್ಯ 128 ಟಿಕ್‌ನಲ್ಲಿ ನಡೆದಿದ್ದರೆ? ಕಾಯುವ ಹೊತ್ತು 8ರಿಂದ 4ಕ್ಕೆ, ಎರಡು ಟಿಕ್‌ನ ಇಂಟರ್ಪೊಲೇಶನ್ 31ರಿಂದ 16ಕ್ಕೆ ಇಳಿಯುತ್ತಿತ್ತು. ಎದುರಾಳಿ 99ರ ಬದಲು 80ನೇ ಮಿಲಿಸೆಕೆಂಡಿಗೆ ಕಾಣುತ್ತಿದ್ದ. ಗಣನೀಯ ಲಾಭವೇ. ಆದರೂ ಉಳಿದ 80ರಲ್ಲಿ 60 ಮಿಲಿಸೆಕೆಂಡ್ ಬರೀ ದಾರಿಯ ತಡ, ಅದನ್ನು ಟಿಕ್ ರೇಟ್ ಮುಟ್ಟಲಾರದು.

ಪತ್ತೆ ಹಚ್ಚುವುದು ಹೇಗೆ?

ಮೊದಲು ಕೈಯನ್ನು ಪರೀಕ್ಷಿಸಬೇಕು. ಕೌಂಟರ್ ಸ್ಟ್ರೈಕ್ 2ರಲ್ಲಿ ಬಾಟ್‌ಗಳೊಂದಿಗೆ ಪ್ರಾಕ್ಟೀಸ್ ಮ್ಯಾಪ್ ತೆರೆದು, ಕನ್ಸೋಲ್‌ನಲ್ಲಿ ಈ ಎರಡು ಸಾಲು ಟೈಪ್ ಮಾಡಿ:

```
sv_cheats 1
sv_showimpacts 1
```

ಗುಂಡು ಬಿದ್ದ ಕಡೆ ಚೌಕಗಳು ಮೂಡುತ್ತವೆ. ಕೆಂಪು ಚೌಕ ನಿಮ್ಮ ಕಂಪ್ಯೂಟರಿನ ಲೆಕ್ಕ, ನೀಲಿ ಸರ್ವರ್‌ನ ಲೆಕ್ಕ. ಇಲ್ಲಿ ಸರ್ವರ್ ನಿಮ್ಮ ಕಂಪ್ಯೂಟರಿನಲ್ಲೇ ಇರುವುದರಿಂದ ನೆಟ್ಟಿನ ಮಾತೇ ಇಲ್ಲ. ನಿಂತು ಒಂದೊಂದೇ ಗುಂಡು ಹೊಡೆದು ನೋಡಿ, ಆಮೇಲೆ ನಡೆಯುತ್ತ ಹೊಡೆದು ನೋಡಿ. ನಡೆಯುವಾಗ ಚೌಕಗಳು ಗುರಿಯಿಂದ ಎಷ್ಟು ದೂರ ಚೆದುರುತ್ತವೆ ಎಂಬುದು ಕಣ್ಣಿಗೆ ಕಾಣುತ್ತದೆ. ಪೂರ್ತಿ ನಿಲ್ಲುವ ಮೊದಲೇ ಒತ್ತುವುದು ನಿಮ್ಮ ಅಭ್ಯಾಸವಾಗಿದ್ದರೆ, ತಪ್ಪಿದ ಗುಂಡುಗಳಲ್ಲಿ ದೊಡ್ಡ ಪಾಲು ಅದರದ್ದೇ. ವ್ಯಾಲರಂಟ್‌ನ ಸ್ಟ್ಯಾಟ್ಸ್ ಸೆಟ್ಟಿಂಗ್‌ನಲ್ಲಿ Shooting Error ಎಂಬ ಗ್ರಾಫ್ ಇದೇ ಕೆಲಸಕ್ಕಿದೆ.

ಕೈ ಸರಿಯಿದ್ದರೆ ಮುಂದಿನ ಪರೀಕ್ಷೆ ಮನೆಯ ನೆಟ್‌ನದು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. `ipconfig` ಕೊಟ್ಟಾಗ Default Gateway ಎದುರು ಕಾಣುವುದು ನಿಮ್ಮ ರೂಟರಿನ ವಿಳಾಸ. ಅದು 192.168.1.1 ಆಗಿದ್ದರೆ:

```
ping -n 100 192.168.1.1
ping -n 100 8.8.8.8
```

ಮೊದಲ ಸಾಲು ಮನೆಯೊಳಗಿನ ದಾರಿಯನ್ನು ಅಳೆಯುತ್ತದೆ, ಎರಡನೆಯದು ಹೊರಗಿನದನ್ನೂ ಸೇರಿಸಿ ಅಳೆಯುತ್ತದೆ. ರೂಟರಿನ ಉತ್ತರಗಳು ಒಂದೆರಡು ಮಿಲಿಸೆಕೆಂಡಿನಲ್ಲಿ ಸಮನಾಗಿ ಬರಬೇಕು. ಅಲ್ಲೇ 2, 3, 45, 2, 80 ಎಂದು ಕುಣಿದರೆ ದೋಷ ಮನೆಯ ವೈಫೈಯಲ್ಲಿದೆ, ಇಂಟರ್ನೆಟ್ ಕಂಪನಿಗೆ ಫೋನ್ ಮಾಡಿ ಉಪಯೋಗವಿಲ್ಲ. ಮೊದಲನೆಯದು ಸಮನಾಗಿದ್ದು ಎರಡನೆಯದು ಮಾತ್ರ ಕುಣಿದರೆ, ಮನೆಯಲ್ಲಿ ಬೇರೆ ಯಾರೂ ನೆಟ್ ಬಳಸದ ಹೊತ್ತಿನಲ್ಲಿ ಮತ್ತೊಮ್ಮೆ ಅಳೆಯಿರಿ. ಆಗ ಸರಿಹೋದರೆ ಯಾರದೋ ಡೌನ್‌ಲೋಡ್ ಅಥವಾ ವಿಡಿಯೋ ಅಪ್‌ಲೋಡ್‌ನ ಹಿಂದೆ ನಿಮ್ಮ ಗುಂಡುಗಳು ಸಾಲಿನಲ್ಲಿ ಕಾಯುತ್ತಿದ್ದವು ಎಂದರ್ಥ. ಆಗಲೂ ಕುಣಿದರೆ ದೂರು ಕೊಡಬಹುದು. ಆ ಎರಡು ಫಲಿತಾಂಶಗಳ ಸ್ಕ್ರೀನ್‌ಶಾಟ್ ಜೊತೆಗಿರಲಿ.

ಪಿಂಗ್ ಹೆಚ್ಚಿರುವುದಕ್ಕಿಂತ ಪಿಂಗ್ ಕುಣಿಯುವುದು ಕೆಟ್ಟದ್ದು. ಸಮನಾದ 60ನ್ನು ಸರ್ವರ್ ಲೆಕ್ಕ ಹಾಕಿ ಸರಿದೂಗಿಸುತ್ತದೆ. ಆದರೆ ಮಾಹಿತಿ ತೀರಾ ತಡವಾಗಿ ಬಂದಾಗ ಅಥವಾ ಸಾಲಾಗಿ ಕಳೆದುಹೋದಾಗ ಇಂಟರ್ಪೊಲೇಶನ್‌ಗೆ ಇಟ್ಟುಕೊಂಡ ಎರಡು ಟಿಕ್‌ನ ದಾಸ್ತಾನು ಮುಗಿದು, ಎದುರಾಳಿ ಎಲ್ಲಿರಬಹುದೆಂದು ಕಂಪ್ಯೂಟರ್ ಊಹಿಸಿ ತೋರಿಸತೊಡಗುತ್ತದೆ. ನೀವು ಹೊಡೆಯುವುದು ಆ ಊಹೆಗೆ, ಸರ್ವರ್ ನೋಡುವುದು ನಿಜವಾದ ದಾಖಲೆಯನ್ನು. ಎದುರಾಳಿ ಓಡುತ್ತಿದ್ದವನು ಇದ್ದಕ್ಕಿದ್ದಂತೆ ಪಕ್ಕಕ್ಕೆ ಜಿಗಿದಂತೆ ಕಂಡರೆ ಅದೇ ಇದರ ಗುರುತು. ಈ ಸಂದರ್ಭದಲ್ಲಿ ಗುರಿ ಸರಿಯಿದ್ದೂ ನೆಟ್ಟಿನಿಂದಾಗಿ ಗುಂಡು ನಿಜವಾಗಿ ತಪ್ಪುತ್ತದೆ.

ಮಾಡಬೇಕಾದದ್ದು

ಒಂದೇ ಒಂದು ಬದಲಾವಣೆ ಮಾಡುವಿರಾದರೆ ರೂಟರಿನಿಂದ ಕಂಪ್ಯೂಟರಿಗೆ ಲ್ಯಾನ್ ಕೇಬಲ್ ಎಳೆಯಿರಿ. ಹಳೆಯ ಮನೆಗಳ ಕಲ್ಲಿನ ಗೋಡೆಗಳ ಮೂಲಕ ಮಹಡಿಗೆ ಏರುವ ವೈಫೈ ದುರ್ಬಲವಾಗಿರುತ್ತದೆ. ಮೊಬೈಲಿನಲ್ಲಿ ಆಡುವವರು 5 ಗಿಗಾಹರ್ಟ್ಜ್ ವೈಫೈ ಆರಿಸಿಕೊಂಡು ರೂಟರ್ ಇರುವ ಕೋಣೆಯಲ್ಲೇ ಕೂರುವುದು ಒಳ್ಳೆಯದು.

ಕೌಂಟರ್ ಸ್ಟ್ರೈಕ್ 2ರ ಸೆಟ್ಟಿಂಗ್‌ನಲ್ಲಿ ಒಪ್ಪಬಹುದಾದ ಗರಿಷ್ಠ ಪಿಂಗ್ ಅನ್ನು ಇಳಿಸಿಟ್ಟರೆ ದೂರದ ಸರ್ವರ್‌ಗೆ ಹೋಗಿ ಬೀಳುವುದು ತಪ್ಪುತ್ತದೆ. ಸಿಂಗಾಪುರ ಇಲ್ಲಿಂದ ಸುಮಾರು 3,200 ಕಿಲೋಮೀಟರ್. ಬೆಳಕೇ ಹೋಗಿ ಬರಲು 32 ಮಿಲಿಸೆಕೆಂಡ್ ತೆಗೆದುಕೊಳ್ಳುತ್ತದೆ. ವ್ಯಾಲರಂಟ್‌ನಲ್ಲಿ Network Buffering ಎಂಬ ಆಯ್ಕೆ ಇದೆ, ಕೌಂಟರ್ ಸ್ಟ್ರೈಕ್ 2ರಲ್ಲೂ ಅಂಥದ್ದೇ ಒಂದಿದೆ. ನೆಟ್ ಸಮನಾಗಿದ್ದರೆ ಅದನ್ನು ಕನಿಷ್ಠದಲ್ಲೇ ಇಡಿ. ಏರಿಸಿದರೆ ಕುಣಿತ ಮುಚ್ಚಿಹೋಗುತ್ತದೆ, ಬದಲಿಗೆ ಎದುರಾಳಿ ಇನ್ನಷ್ಟು ತಡವಾಗಿ ಕಾಣುತ್ತಾನೆ.

ಆಟದ ರೀತಿಯಲ್ಲೂ ಒಂದು ತಿದ್ದುಪಡಿ ಬೇಕು. ಮೂಲೆಯೊಂದಕ್ಕೆ ಗುರಿಯಿಟ್ಟು ಕಾಯುವಾಗ ಗುರಿಯನ್ನು ಗೋಡೆಯ ಅಂಚಿಗೇ ಅಂಟಿಸಿಡಬೇಡಿ. ಎದುರಾಳಿ ಓಡಿ ಹೊರಬರುವವನಾದರೆ, ನೀವು ಕಂಡು ಕೈ ಒತ್ತುವಷ್ಟರಲ್ಲಿ ಅವನು ಅಂಚು ದಾಟಿರುತ್ತಾನೆ. ಅಂಚಿನಿಂದ ಒಂದು ಮೈಯಗಲದಷ್ಟು ಆಚೆ ಗುರಿಯಿಡಿ. ಒಂದು ಸುತ್ತು ಹೊಡೆದ ಮೇಲೆ ಅದೇ ಜಾಗದಲ್ಲಿ ಅಲುಗದೆ ನಿಲ್ಲಬೇಡಿ. ಹೊರಬರುವವನಿಗೆ ಸಿಗುವ ಆ ಹತ್ತನೇ ಒಂದು ಸೆಕೆಂಡ್ ನೀವು ಹೊರಬಂದಾಗ ನಿಮಗೂ ಸಿಗುತ್ತದೆ.

ಇಷ್ಟು ಮಾಡಿದರೂ ಒಂದಷ್ಟು ಗುಂಡುಗಳು ತಡವಾಗಿ ತಲುಪಿ ವ್ಯರ್ಥವಾಗುತ್ತವೆ. ಐಜೂರಿನ ಹುಡುಗ ಕೇಬಲ್ ಹಾಕಿಸಿ ಪಿಂಗ್ ಅನ್ನು 40ರಿಂದ 28ಕ್ಕೆ ತಂದರೆ ಎದುರಾಳಿ ಅವನಿಗೆ 6 ಮಿಲಿಸೆಕೆಂಡ್ ಮೊದಲು ಕಾಣುತ್ತಾನೆ, ವ್ಯರ್ಥ ಗುಂಡಿನ ಕಿಟಕಿ 12 ಮಿಲಿಸೆಕೆಂಡ್ ಕಿರಿದಾಗುತ್ತದೆ. ಕಂಪ್ಯೂಟರ್ ಬದಲಿಸುವ ಮುನ್ನ, ದುಬಾರಿ ಪ್ಲಾನ್ ತೆಗೆದುಕೊಳ್ಳುವ ಮುನ್ನ, ಕೆಲವು ನೂರು ರೂಪಾಯಿಯ ಆ ಕೇಬಲ್ ಎಳೆದು, ಮೇಲಿನ ಎರಡು ಸಾಲಿನ ಪಿಂಗ್ ಪರೀಕ್ಷೆಯನ್ನು ಮತ್ತೊಮ್ಮೆ ಮಾಡಿ ನೋಡಿ.